ಜರ್ಮನ್ ಕಚೇರಿಯ ಮೇಜಿನ ಮೇಲೆ ಕನ್ನಡದ ಜನನ ಪತ್ರ



ಅನುವಾದದ ಹೆಸರಿನ ದತ್ತಿ ಉಪನ್ಯಾಸವೆಂದ ಮೇಲೆ ಕವಿತೆಯ ಮಾತೋ ಕಾದಂಬರಿಯ ಮಾತೋ ಬರುತ್ತದೆಂದು ನೀವು ಕಾದಿರಬಹುದು. ನಾನು ಇವತ್ತು ಒಂದೇ ಒಂದು ಹಾಳೆಯ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಆ ಹಾಳೆ ಕನ್ನಡದಲ್ಲಿರುವ ಒಂದು ಜನನ ಪ್ರಮಾಣ ಪತ್ರ. ಅದು ಜರ್ಮನಿಯ ಒಂದು ಊರಿನ ‘ಶ್ಟಾಂಡೆಸಾಮ್ಟ್’ಗೆ ಹೋಗಬೇಕಾಗಿದೆ. ಜನನ, ಮದುವೆ, ಮರಣಗಳನ್ನು ದಾಖಲಿಸುವ ಕಚೇರಿಗೆ ಅಲ್ಲಿ ಆ ಹೆಸರು. ಹಾಳೆಯಲ್ಲಿ ಇರುವುದೆಲ್ಲ ಸೇರಿ ಐವತ್ತು ಅರವತ್ತು ಪದ. ಆದರೂ ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅತಿ ಹೆಚ್ಚು ಯೋಚನೆ ಬೇಡಿದ್ದು ಇಂಥ ಹಾಳೆಗಳೇ.

ಮಾತಿಗೆ ಅನುಕೂಲವಾಗಲೆಂದು ನಾನೇ ಒಂದು ಮಾದರಿ ಹೆಣೆದುಕೊಂಡಿದ್ದೇನೆ. ಹೆಸರುಗಳು ಕಲ್ಪಿತ. ಹಾಸನ ಜಿಲ್ಲೆ, ಅರಸೀಕೆರೆ ತಾಲ್ಲೂಕು, ಬಾಣಾವರ ಹೋಬಳಿಯ ಒಂದು ಹಳ್ಳಿ. ಕೈಬರಹದ ಪತ್ರ, ಅಂಕಿಗಳೂ ಕನ್ನಡದವೇ. ಜನನ ದಿನಾಂಕ ೬-೯-೧೯೮೮. ನೋಂದಣಿ ಸಂಖ್ಯೆ ೪೭, ನೋಂದಣಿ ದಿನಾಂಕ ೧೨-೯-೧೯೮೮. ಲಿಂಗ: ಹೆಣ್ಣು. ಹೆಸರಿನ ಜಾಗ ಖಾಲಿ. ತಂದೆ: ಕೃಷ್ಣಪ್ಪ ಬಿನ್ ತಿಮ್ಮಯ್ಯ. ತಾಯಿ: ಲಕ್ಷ್ಮಮ್ಮ ಕೋಂ ಕೃಷ್ಣಪ್ಪ. ಕೆಳಗೆ ಷರಾ ಎಂಬ ಕಾಲಮ್ಮಿನಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ, ಓರೆಯಾಗಿ ಒಂದು ಸಾಲು: ‘ಮಗುವಿನ ಹೆಸರು ಜ್ಯೋತಿ ಎಂದು ೧೪-೬-೧೯೯೪ರಂದು ಸೇರಿಸಿದೆ.’ ಅದರ ಪಕ್ಕ ಒಂದು ಚಿಕ್ಕ ಸಹಿ. ಬಲಗಡೆ ಅರ್ಧ ಮಸುಕಾದ ದುಂಡು ಮೊಹರು. ಹುಡುಗಿಯ ಪಾಸ್‌ಪೋರ್ಟಿನಲ್ಲಿ ಹೆಸರು Jyothi, ಕುಲನಾಮದ ಜಾಗದಲ್ಲಿ Krishnappa. ಈಗ ಅವಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ, ಅಲ್ಲಿಯೇ ಮದುವೆ ನೋಂದಾಯಿಸಬೇಕೆಂದಿದ್ದಾಳೆ. ಶ್ಟಾಂಡೆಸಾಮ್ಟ್ ಜನನ ಪತ್ರ ಕೇಳಿದೆ, ಜೊತೆಗೆ ಜರ್ಮನ್ ಅನುವಾದ ಕೇಳಿದೆ.

ಮೊದಲು ಅಂಕಿಯಿಂದ ಶುರು ಮಾಡೋಣ. ಕೈಬರಹದಲ್ಲಿ ನಮ್ಮ ೬ ಮತ್ತು ೯ ಅಣ್ಣತಮ್ಮಂದಿರ ಹಾಗೆ. ಬರೆದವರು ಅವಸರದಲ್ಲಿದ್ದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ೬-೯ ಎಂಬಲ್ಲಿ ಎರಡೂ ಅಕ್ಕಪಕ್ಕ ಬಂದಿವೆ. ಸೆಪ್ಟೆಂಬರ್ ಆರೋ, ಜೂನ್ ಒಂಬತ್ತೋ? ಪಾಸ್‌ಪೋರ್ಟ್ ನೋಡಿ ತೀರ್ಮಾನಿಸುವ ಆಸೆ ತಕ್ಷಣ ಬರುತ್ತದೆ. ಅದಕ್ಕೆ ಮೊದಲು ಹಾಳೆಯನ್ನೇ ಕೇಳಬೇಕು. ಅದೇ ಕೈ ಬರೆದ ೧೯೮೮ರಲ್ಲಿ ಸಂಶಯವಿಲ್ಲದ ಒಂದು ೯ ಇದೆ. ಅದರ ಬಾಲ ಎತ್ತ ತಿರುಗಿದೆ ನೋಡಿ, ಇದರೊಂದಿಗೆ ಹೋಲಿಸಬೇಕು. ಅದೇ ಹೋಲಿಕೆಯಂತೆ ನೋಂದಣಿಯಾದದ್ದು ಸೆಪ್ಟೆಂಬರ್ ಹನ್ನೆರಡರಂದು. ಜೂನಿನ ಜನನವಾಗಿದ್ದರೆ ಮೂರು ತಿಂಗಳು ತಡವಾದಂತಾಗಿ, ಹಾಳೆಯಲ್ಲಿ ಎಲ್ಲೋ ತಡ ನೋಂದಣಿಯ ಗುರುತು ಇರಬೇಕಿತ್ತು. ಅದಿಲ್ಲ. ಹೀಗೆ ಹಾಳೆಯ ಒಳಗಿನಿಂದಲೇ ಸೆಪ್ಟೆಂಬರ್ ಆರು ಎಂದು ಗೊತ್ತಾಗುತ್ತದೆ. ಗೊತ್ತಾಗದೆ ಹೋದರೆ? ಆಗ ಅನುವಾದದಲ್ಲಿ ‘ಈ ಅಂಕಿ 6 ಅಥವಾ 9’ ಎಂದು ಚೌಕಾವರಣದಲ್ಲಿ ಬರೆಯಬೇಕು. ಪಾಸ್‌ಪೋರ್ಟಿನ ತಾರೀಖು ತಂದು ಇಲ್ಲಿ ಕೂರಿಸಬಾರದು. ಏಕೆಂದರೆ ಜರ್ಮನ್ ಅಧಿಕಾರಿ ಈ ಎರಡು ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದಕ್ಕೇ ಕೇಳಿರುವುದು. ನಾವು ಒಂದನ್ನು ನೋಡಿ ಇನ್ನೊಂದನ್ನು ಬರೆದರೆ ಅವರ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಇನ್ನು ‘ಬಿನ್’ ಮತ್ತು ‘ಕೋಂ’. ನಮ್ಮ ಕಂದಾಯದ ಕಾಗದ ಓದಿದವರಿಗೆ ಇವು ಉಸಿರಿನಷ್ಟು ಸಹಜ. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಬಿನ್ ಅರಬ್ಬಿಯಿಂದ ಹೊರಟು ಪಾರಸಿಯ ಆಡಳಿತ ಭಾಷೆಯ ಮೂಲಕ ನಮ್ಮ ದಫ್ತರಕ್ಕೆ ಬಂದು ಕೂತ ಪದ. ಅದನ್ನು ಹಾಗೇ ಲ್ಯಾಟಿನ್ ಲಿಪಿಗೆ ಇಳಿಸಿದರೆ ಬಾಣಾವರದ ಕೃಷ್ಣಪ್ಪ ಜರ್ಮನ್ ಕಡತದಲ್ಲಿ ಅರಬ್ ಹೆಸರಿನವನಾಗುತ್ತಾನೆ. ಅದಕ್ಕಿಂತ ಕೆಟ್ಟದ್ದು ಕೋಂ. ಅದು ತಾಯಿಯ ನಡು ಹೆಸರಾಗಿ ದಾಖಲಾಗಿ, ಮುಂದೆ ಮಗಳ ಮದುವೆಯ ಪತ್ರದಲ್ಲೂ ‘ಲಕ್ಷ್ಮಮ್ಮ ಕೋಂ’ ಎಂದು ಅಚ್ಚಾಗಿಬಿಡುತ್ತದೆ. ಇವೆರಡೂ ಹೆಸರಿನ ಭಾಗವಲ್ಲ, ಸಂಬಂಧ ಹೇಳುವ ಪದಗಳು. ಆದ್ದರಿಂದ ಇವನ್ನು ಲಿಪ್ಯಂತರ ಮಾಡಬಾರದು, ಅನುವಾದಿಸಬೇಕು. ‘ತಿಮ್ಮಯ್ಯನ ಮಗ’, ‘ಕೃಷ್ಣಪ್ಪನ ಹೆಂಡತಿ’ ಎಂದು ಸರಳ ಜರ್ಮನ್‌ನಲ್ಲಿ ಬರೆದರೆ ಓದುವವರಿಗೆ ತೊಡಕಿಲ್ಲ.

ತಹಶೀಲ್ದಾರ್, ಹೋಬಳಿ, ತಾಲ್ಲೂಕು ಇವುಗಳ ವಿಷಯ ತಿರುವುಮುರುವು. ಇವನ್ನು ಅನುವಾದಿಸಬಾರದು. ಜರ್ಮನಿಯಲ್ಲಿ ಜಿಲ್ಲೆಗೆ ಹೋಲುವ ಘಟಕ ಇದೆ, ಪುರಸಭೆಗೆ ಹೋಲುವ ಘಟಕ ಇದೆ. ಅಲ್ಲಿನ ಹೆಸರು ತಂದು ಇಲ್ಲಿ ಹಾಕಿದರೆ ಅಲ್ಲಿನ ಅಧಿಕಾರಿಗೆ ಅಲ್ಲಿನ ಚಿತ್ರವೇ ಕಣ್ಣಿಗೆ ಬರುತ್ತದೆ. ತಹಶೀಲ್ದಾರ್ ಎಂದೇ ಉಳಿಸಿ, ‘ತಾಲ್ಲೂಕಿನ ಕಂದಾಯ ಆಡಳಿತದ ಮುಖ್ಯಾಧಿಕಾರಿ’ ಎಂದು ಒಂದು ಟಿಪ್ಪಣಿ ಕೊಟ್ಟರೆ ಸಾಕು. ಹೋಬಳಿಯೂ ಹಾಗೆಯೇ: ಕೆಲವು ಹಳ್ಳಿಗಳ ಗುಂಪು, ತಾಲ್ಲೂಕಿನ ಒಳಗಿನ ಘಟಕ. ಹೋಬಳಿಯ ಹೆಸರು ಬಿಟ್ಟುಬಿಟ್ಟ ಅನುವಾದಗಳನ್ನು ನಾನು ನೋಡಿದ್ದೇನೆ. ಇಂಗ್ಲಿಷ್ ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ ಎಂಬ ಕಾರಣಕ್ಕೆ ಬಿಟ್ಟಿರುತ್ತಾರೆ. ಅದರಿಂದ ಏನಾಗುತ್ತದೆಂದು ಕೊನೆಗೆ ಹೇಳುತ್ತೇನೆ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ನನ್ನ ಮಾತಿನ ಹೆಚ್ಚಿನ ಭಾಗ ಇದಕ್ಕೇ ಮೀಸಲು.

ಲ್ಯಾಟಿನ್ ಅಲ್ಲದ ಲಿಪಿಯ ಹೆಸರುಗಳನ್ನು ಜನನ ಮರಣ ದಾಖಲೆಗಳಲ್ಲಿ ಹೇಗೆ ಬರೆಯಬೇಕೆಂಬುದಕ್ಕೆ ಯುರೋಪಿನ ಕೆಲವು ದೇಶಗಳು 1973ರಲ್ಲಿ ಬರ್ನ್ ನಗರದಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಲಿಪ್ಯಂತರ ಪದ್ಧತಿ ಇದ್ದರೆ ಅದನ್ನೇ ಬಳಸಬೇಕು ಎಂಬುದು ಅದರ ತಿರುಳು. ಜರ್ಮನಿ ಇದನ್ನು ಪಾಲಿಸುತ್ತದೆ. ಕನ್ನಡವೂ ಸೇರಿ ಭಾರತೀಯ ಲಿಪಿಗಳಿಗೆ ಇರುವ ಮಾನಕ ISO 15919, ಅದು ಬಂದದ್ದು 2001ರಲ್ಲಿ. ಅದರಂತೆ ನಮ್ಮ ಮಾದರಿಯ ಜ್ಯೋತಿ Jyōti ಆಗುತ್ತಾಳೆ, ಕೃಷ್ಣಪ್ಪ Kr̥ṣṇappa ಆಗುತ್ತಾನೆ, ಲಕ್ಷ್ಮಮ್ಮ Lakṣmamma ಆಗುತ್ತಾಳೆ. ಅಕ್ಷರಕ್ಕೆ ಅಕ್ಷರ ಸರಿ. ಈ ರೂಪದಿಂದ ಕನ್ನಡಕ್ಕೆ ಹಿಂದಿರುಗಿದರೆ ಒಂದು ದೀರ್ಘವೂ ತಪ್ಪುವುದಿಲ್ಲ, ಅದೇ ಈ ಮಾನಕದ ಹೆಚ್ಚುಗಾರಿಕೆ. ಆದರೆ ಹುಡುಗಿಯ ಪಾಸ್‌ಪೋರ್ಟು, ವೀಸಾ, ಬ್ಯಾಂಕ್ ಖಾತೆ, ಕೆಲಸದ ಕರಾರು ಎಲ್ಲದರಲ್ಲೂ ಇರುವುದು Jyothi. ತಕಾರಕ್ಕೆ ಟಿ ಜೊತೆ ಎಚ್ ಸೇರಿಸುವುದು ನಮ್ಮ ದಕ್ಷಿಣದ ರೂಢಿ. ಅಲ್ಲಿನ ಅಧಿಕಾರಿಗೆ ಅದು ಗೊತ್ತಿರಬೇಕೆಂದಿಲ್ಲ. ಇನ್ನು ಚಿಕ್ಕಣ್ಣನಂಥ ಹೆಸರು ಬಂದರೆ ಮಾನಕದಂತೆ Cikkaṇṇa ಎಂದಾಗಿ, ಅದರ ಮೊದಲ ಅಕ್ಷರವನ್ನು ಜರ್ಮನರು ಚ ಎಂದು ಓದುವುದೇ ಇಲ್ಲ.

ಇದು ಬರೀ ಅಕ್ಷರದ ಜಗಳವಲ್ಲ ಎಂಬುದಕ್ಕೆ ಯುರೋಪಿನ ನ್ಯಾಯಾಲಯದ ಒಂದು ಪ್ರಕರಣ ಸಾಕ್ಷಿ. ಜರ್ಮನಿಯ ಆಲ್ಟೆನ್‌ಶ್ಟೈಗ್ ಎಂಬ ಊರಿನಲ್ಲಿ ಒಬ್ಬ ಗ್ರೀಕ್ ಮನುಷ್ಯ ಸ್ವಂತವಾಗಿ ಮಾಲೀಸು ಮತ್ತು ಜಲಚಿಕಿತ್ಸೆ ನಡೆಸುತ್ತಿದ್ದ. ಪಾಸ್‌ಪೋರ್ಟಿನಲ್ಲಿ ಅವನ ಹೆಸರು Christos Konstantinidis. ಅವನ ಮದುವೆಯ ದಾಖಲೆಯಲ್ಲಿ ಕುಲನಾಮದ ಕಾಗುಣಿತ ತಪ್ಪಿತ್ತು, ತಿದ್ದಿಕೊಡಿ ಎಂದು ಕೇಳಿದ. ತಿದ್ದುವುದಕ್ಕೆಂದು ಅವನ ಗ್ರೀಕ್ ಜನನ ಪತ್ರದ ಅನುವಾದ ತರಿಸಿದರು. ಅನುವಾದಕರು ಗ್ರೀಕ್ ಲಿಪಿಯ ಮಾನಕದಂತೆ ಬರೆದುಕೊಟ್ಟ ರೂಪ Hréstos Kónstantinidés. ಕಾಗುಣಿತ ತಿದ್ದಿಸಿಕೊಳ್ಳಲು ಹೋದವನ ಇಡೀ ಹೆಸರೇ ಬದಲಾಗುವ ಹಾಗಾಯಿತು. 1993ರ ಮಾರ್ಚ್ 30ರಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಉಚ್ಚಾರಣೆ ಕೆಡುವಂಥ ಬರವಣಿಗೆಯನ್ನು ಅವನ ಮೇಲೆ ಹೇರಿ, ಗಿರಾಕಿಗಳು ಅವನನ್ನು ಬೇರೆಯವನೆಂದು ತಿಳಿಯುವ ಅಪಾಯ ತರುವುದಾದರೆ ಅದು ಅವನ ವೃತ್ತಿಯ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. ಆ ತೀರ್ಪು ಯುರೋಪ್ ಸಮುದಾಯದ ಪ್ರಜೆಗೆ ಸಂಬಂಧಿಸಿದ್ದು, ನಮ್ಮ ಹುಡುಗಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅನುವಾದಕ ಮಾನಕವನ್ನು ಕಣ್ಣುಮುಚ್ಚಿ ಹಾಕಿದರೆ ಏನಾಗುತ್ತದೆಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಒಂದು ಸಮಾಧಾನವೆಂದರೆ, ಲ್ಯಾಟಿನ್ ಲಿಪಿಯಲ್ಲಿ ಹೆಸರು ತೋರಿಸುವ ಬೇರೆ ಅಧಿಕೃತ ದಾಖಲೆ ಇದ್ದರೆ ಅದರಲ್ಲಿರುವಂತೆಯೇ ಬರೆಯಬೇಕೆಂದು ಬರ್ನ್ ಒಪ್ಪಂದ ಹೇಳುತ್ತದೆ. ನಮ್ಮವರ ಬಳಿ ಪಾಸ್‌ಪೋರ್ಟ್ ಇದ್ದೇ ಇರುತ್ತದೆ. ಆದ್ದರಿಂದ ನಾನು ಹೀಗೆ ಮಾಡುತ್ತೇನೆ: ಕೆಲಸ ಹಿಡಿಯುವ ಮೊದಲೇ ಕುಟುಂಬದವರಿಂದ ಆ ಕಚೇರಿಗೆ ಫೋನು ಮಾಡಿಸಿ, ಕಾಲಮ್ಮಿನೊಳಗೆ ಯಾವ ರೂಪ ಬೇಕೆಂದು ಕೇಳಿಸುತ್ತೇನೆ. ಯಾವುದೇ ಹೇಳಲಿ, ಎರಡೂ ರೂಪ ಹಾಳೆಯಲ್ಲಿ ಇರುತ್ತವೆ. ಒಂದು ಕಾಲಮ್ಮಿನಲ್ಲಿ, ಇನ್ನೊಂದು ‘ಆನ್‌ಮೆರ್ಕುಂಗ್’ ಅಂದರೆ ಅನುವಾದಕನ ಟಿಪ್ಪಣಿಯಲ್ಲಿ, ನನಗೆ ತೋರಿಸಿದ ಪಾಸ್‌ಪೋರ್ಟಿನ ಪ್ರಕಾರ ಎಂಬ ವಿವರಣೆಯೊಂದಿಗೆ. ತಂದೆ ತಾಯಿಯ ಪಾಸ್‌ಪೋರ್ಟ್ ಇಲ್ಲದಿದ್ದರೆ ಅವರ ಹೆಸರು ಮಾನಕದ ರೂಪದಲ್ಲೇ ಉಳಿಯುತ್ತದೆ. ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರು ಅಚ್ಚಾಗಿದ್ದರೆ ಅದನ್ನು ತೋರಿಸಬಹುದು.

ಇಷ್ಟಾದರೂ ಗಂಟು ಬಿಚ್ಚಲಿಲ್ಲ. ಪಾಸ್‌ಪೋರ್ಟಿನ Krishnappa ಎಲ್ಲಿಂದ ಬಂತು? ಜನನ ಪತ್ರದಲ್ಲಿ ಮಗುವಿಗೆ ಇರುವುದು ಒಂದೇ ಹೆಸರು. ಜರ್ಮನ್ ನಮೂನೆಯಲ್ಲಿ ‘ಫೋರ್‌ನಾಮೆ’ ಒಂದು, ‘ಫಾಮಿಲಿಯೆನ್‌ನಾಮೆ’ ಇನ್ನೊಂದು. ಸ್ವಂತ ಹೆಸರು ಬೇರೆ, ಕುಲನಾಮ ಬೇರೆ. ಕುಟುಂಬದವರು ಕೇಳುವುದು ಇಷ್ಟೇ: ‘ಸಾರ್, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಎರಡೂ ಬರೆದುಬಿಡಿ, ಕೆಲಸ ಸಲೀಸಾಗುತ್ತೆ.’ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬರೆಯಬಾರದು. ಮೂಲದಲ್ಲಿ ‘ಹೆಸರು’ ಎಂದು ಒಂದೇ ಕಾಲಮ್ಮು ಇರುವಾಗ ಅನುವಾದದಲ್ಲಿ ಎರಡು ಮಾಡುವುದು ಎಂದರೆ ಇಲ್ಲದ ಕುಲನಾಮವನ್ನು ಹುಟ್ಟಿಸಿದಂತೆ. ‘ನಾಮೆ’ ಎಂದು ಒಂದೇ ಪದ ಬರೆದು, ಕರ್ನಾಟಕದ ಅನೇಕ ಕುಟುಂಬಗಳಲ್ಲಿ ಕುಲನಾಮದ ಪದ್ಧತಿ ಇಲ್ಲ, ತಂದೆಯ ಹೆಸರನ್ನು ಜೊತೆಗೆ ಬಳಸುವುದುಂಟು ಎಂದು ಟಿಪ್ಪಣಿಯಲ್ಲಿ ಎರಡು ಸಾಲು ಹೇಳಬೇಕು. ಜರ್ಮನ್ ಕಚೇರಿಗೆ ಇದು ತೀರ ಅಪರಿಚಿತವೂ ಅಲ್ಲ. ಅವರ ಕಾನೂನಿನಲ್ಲಿ ‘ಫಾಟರ್ಸ್‌ನಾಮೆ’, ತಂದೆಯ ಹೆಸರು, ಎಂಬ ಕಲ್ಪನೆ ಇದೆ. ಹೆಸರು ಜರ್ಮನ್ ಕಾನೂನಿನ ವ್ಯಾಪ್ತಿಗೆ ಬಂದ ಮೇಲೆ ಯಾವುದು ಸ್ವಂತ ಹೆಸರು, ಯಾವುದು ಕುಲನಾಮ ಎಂದು ಆ ವ್ಯಕ್ತಿಯೇ ಘೋಷಿಸಲು ಅವರ ನಾಗರಿಕ ಸಂಹಿತೆಯ ಪೀಠಿಕಾ ಕಾಯಿದೆಯ 47ನೇ ವಿಧಿ ಅವಕಾಶ ಕೊಡುತ್ತದೆ. ಅಂದರೆ ಹೆಸರನ್ನು ಹೊಂದಿಸಿಕೊಳ್ಳುವ ಬಾಗಿಲು ಬೇರೆ ಕಡೆ ಇದೆ. ಅದನ್ನು ತೆರೆಯಬೇಕಾದವಳು ಜ್ಯೋತಿ, ಅನುವಾದಕನಲ್ಲ.

ಖಾಲಿ ಇದ್ದ ಹೆಸರಿನ ಜಾಗಕ್ಕೂ ಇದೇ ಮಾತು. ಮೂಲದಲ್ಲಿ ಖಾಲಿ ಇದ್ದರೆ ಅನುವಾದದಲ್ಲಿ ‘[ಖಾಲಿ]’ ಎಂಬ ಅರ್ಥದ ಜರ್ಮನ್ ಪದ ಬರಬೇಕು. ಅಡ್ಡಗೆರೆ ಎಳೆದರೆ ಮೂಲದಲ್ಲೂ ಅಡ್ಡಗೆರೆ ಇತ್ತೆಂದು ಓದುವವರು ತಿಳಿಯುತ್ತಾರೆ. ಹೆಸರು ಎಲ್ಲಿದೆ? ಷರಾದಲ್ಲಿ. 1969ರ ಜನನ ಮರಣ ನೋಂದಣಿ ಕಾಯಿದೆಯ 14ನೇ ಪ್ರಕರಣ, ಹೆಸರಿಲ್ಲದೆ ನೋಂದಾಯಿಸಿದ ಮಗುವಿಗೆ ಆಮೇಲೆ ಹೆಸರು ಸೇರಿಸಲು ಅವಕಾಶ ಕೊಟ್ಟಿದೆ. 15ನೇ ಪ್ರಕರಣವಂತೂ ಮೂಲ ನಮೂದನ್ನು ಮುಟ್ಟದೆ, ತಿದ್ದುಪಡಿಯನ್ನು ಅಂಚಿನಲ್ಲಿ ಬರೆಯಬೇಕೆಂದೇ ಹೇಳುತ್ತದೆ. ಹಾಗಾಗಿ ಅಂಚಿನ ಓರೆ ಬರಹ ಗುಮಾಸ್ತರ ಗೀಚಲ್ಲ, ಕಾಯಿದೆಯ ಪ್ರಕಾರ ಬರೆದ ನಮೂದು.

ಇದನ್ನು ನಾನು ತಡವಾಗಿ ಕಲಿತೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಜನನ ಪತ್ರದ ಷರಾ ಕಾಲಮ್ಮಿನ ಸಾಲು ಮಸುಕಾಗಿತ್ತೆಂದು, ಮುಖ್ಯವಿರಲಾರದೆಂದು ಬಿಟ್ಟುಬಿಟ್ಟೆ. ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಜರ್ಮನ್ ಅಧಿಕಾರಿಣಿ ಮೂಲದ ಪ್ರತಿ ಮತ್ತು ನನ್ನ ಅನುವಾದ ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲು ಎಣಿಸಿದ್ದರು. ‘ಕೆಳಗೆ ಎಡಗಡೆ ಕೈಬರಹ ಇದೆ, ಅನುವಾದದಲ್ಲಿ ಅದರ ಜಾಗ ಕಾಣುತ್ತಿಲ್ಲ’ ಎಂದು ಕಡತ ವಾಪಸು ಬಂತು. ಆ ಕುಟುಂಬದ ಭೇಟಿಯ ದಿನ ತಪ್ಪಿಹೋಯಿತು. ಅವತ್ತಿನಿಂದ ಹಾಳೆಯ ಮೇಲೆ ಶಾಯಿ ಬಿದ್ದ ಜಾಗವನ್ನೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅನುವಾದ ಮುಗಿದ ಮೇಲೆ ಒಂದೊಂದನ್ನೇ ಹೊಡೆದುಹಾಕುವುದು ನನ್ನ ಅಭ್ಯಾಸ. ಓದಲಾಗದಿದ್ದರೆ ‘ಓದಲಾಗುತ್ತಿಲ್ಲ’ ಎಂದು ಬರೆಯುತ್ತೇನೆ.

ವಿನ್ಯಾಸದ ಗುಟ್ಟೂ ಇದರಲ್ಲೇ ಇದೆ. ಕನ್ನಡ ಬಾರದವರೂ ಎರಡು ಹಾಳೆಗಳ ಮೇಲೆ ಒಂದೊಂದು ಬೆರಳಿಟ್ಟು ಸರಿಸುತ್ತಾ ಹೋಗುವಂತಿರಬೇಕು. ಕಾಲಮ್ಮುಗಳ ಕ್ರಮ, ಅವುಗಳ ಸಂಖ್ಯೆ, ಎಡ ಬಲ ಎಲ್ಲ ಮೂಲದಂತೆ. ಆದರೆ ಲಾಂಛನವನ್ನು ಚಿತ್ರಿಸಬಾರದು, ಮೊಹರನ್ನು ಸ್ಕ್ಯಾನ್ ಮಾಡಿ ಅಂಟಿಸಬಾರದು. ‘[ಕರ್ನಾಟಕ ಸರ್ಕಾರದ ಲಾಂಛನ]’, ‘[ದುಂಡು ಮೊಹರು: ...ಹಶೀಲ್ದಾರ್, ಅರಸೀ...; ಉಳಿದದ್ದು ಓದಲಾಗುತ್ತಿಲ್ಲ]’ ಎಂದು ಮಾತಿನಲ್ಲಿ ಹೇಳಬೇಕು. ಅರ್ಧ ಕಾಣುವ ಪದವನ್ನು ನಮ್ಮ ಊಹೆಯಿಂದ ಪೂರ್ತಿ ಮಾಡಬಾರದು. ಅನುವಾದವು ಅನುವಾದವೆಂದು ದೂರದಿಂದಲೇ ತಿಳಿಯಬೇಕು, ಇನ್ನೊಂದು ಪ್ರಮಾಣ ಪತ್ರದಂತೆ ಕಾಣಬಾರದು. ತಲೆಬರಹದಲ್ಲಿ ಭಾಷೆಯ ಹೆಸರನ್ನೂ ಎಚ್ಚರದಿಂದ ಬರೆಯಬೇಕು. ಜರ್ಮನ್‌ನಲ್ಲಿ ಕೆನಡಾ ದೇಶದ ಹೆಸರು Kanada. ಒಂದು n ಕಡಿಮೆಯಾದರೆ ಕನ್ನಡ ಕೆನಡಾ ಆಗುತ್ತದೆ.

ಮದುವೆ ಪತ್ರದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಜರ್ಮನಿಯಲ್ಲಿ ಶ್ಟಾಂಡೆಸಾಮ್ಟ್‌ನಲ್ಲಿ ಆದದ್ದೇ ಕಾನೂನಿನ ಕಣ್ಣಿಗೆ ಮದುವೆ. ನಮ್ಮಲ್ಲಿ ಹಿಂದೂ ವಿವಾಹ ಕಾಯಿದೆಯಂತೆ ಮದುವೆ ಛತ್ರದಲ್ಲೋ ದೇವಸ್ಥಾನದಲ್ಲೋ ಆಗಿರುತ್ತದೆ, ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ ಅದನ್ನು ಆಮೇಲೆ ನೋಂದಾಯಿಸುತ್ತಾರೆ. ಕೆಲವೊಮ್ಮೆ ವೀಸಾಕ್ಕೆ ಬೇಕೆಂದಾಗ, ಮದುವೆಯಾಗಿ ಹತ್ತು ವರ್ಷದ ಮೇಲೆ. ಪತ್ರದಲ್ಲಿ ಎರಡು ದಿನಾಂಕ ಇರುತ್ತವೆ. ನೋಂದಣಿಯ ದಿನವನ್ನು ಮದುವೆಯ ದಿನವೆಂದು ಓದಿದರೆ ಮೊದಲ ಮಗು ಮದುವೆಗೆ ಮುಂಚೆ ಹುಟ್ಟಿದಂತಾಗುತ್ತದೆ. ಆದ್ದರಿಂದ ‘ಮದುವೆ ನಡೆದ ದಿನ’, ‘ನಡೆದ ಮದುವೆಯನ್ನು ನೋಂದಾಯಿಸಿದ ದಿನ’ ಎಂದು ಬಿಡಿಸಿ ಬರೆಯಬೇಕು. ‘ಏಹೆಉರ್ಕುಂಡೆ’ ಎಂಬುದು 2009ರಿಂದ ಅವರ ಸ್ವಂತ ಮದುವೆ ದಾಖಲೆಯ ಹೆಸರು. ಅದನ್ನು ನಮ್ಮ ಪತ್ರಕ್ಕೆ ಇಡುವುದು ನನಗೆ ಒಪ್ಪಿಗೆಯಿಲ್ಲ. ವಿವಾಹ ನೋಂದಣಿಯ ಪ್ರಮಾಣ ಪತ್ರ ಎಂದು ಉದ್ದವಾಗಿಯೇ ಬರೆಯುತ್ತೇನೆ. ವಯಸ್ಸು ಮಾತ್ರ ಇದ್ದರೆ ವಯಸ್ಸು ಮಾತ್ರ, ಅದರಿಂದ ಹುಟ್ಟಿದ ವರ್ಷ ಲೆಕ್ಕ ಹಾಕಬಾರದು.

ಇನ್ನು ದೃಢೀಕರಣ. ನಮ್ಮವರು ಇಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದು ತಿಳಿದು ಸೋಲುತ್ತಾರೆ. ಮೊದಲನೆಯದು ನೋಟರಿ. ಊರಿನ ನೋಟರಿಯ ಮುದ್ರೆ ಸಹಿ ಇಂಥವರದೇ ಎಂದು ಹೇಳುತ್ತದೆಯೇ ಹೊರತು ಅನುವಾದ ಸರಿಯೆಂದಲ್ಲ. ಜರ್ಮನ್ ಕಚೇರಿ ಕೇಳುವುದು ಪ್ರಮಾಣವಚನ ಸ್ವೀಕರಿಸಿದ ಅನುವಾದಕನ ಸ್ವಂತ ದೃಢೀಕರಣ. ಅಲ್ಲಿನ ರಾಜ್ಯಗಳ ನ್ಯಾಯಾಂಗ ಇಂಥವರನ್ನು ಅಧಿಕೃತಗೊಳಿಸುತ್ತದೆ, ಪಟ್ಟಿ justiz-dolmetscher.de ಎಂಬ ತಾಣದಲ್ಲಿ ಸಿಗುತ್ತದೆ. ಕನ್ನಡಕ್ಕೆ ಇರುವವರು ಬೆರಳೆಣಿಕೆಯಷ್ಟು. ಹಾಗಾಗಿ ಕನ್ನಡ, ಇಂಗ್ಲಿಷ್ ಎರಡೂ ಇರುವ ಈಗಿನ ಪತ್ರಗಳನ್ನು ಇಂಗ್ಲಿಷಿನಿಂದ ಮಾಡಿಸುವುದು ರೂಢಿ. ಎರಡೂ ಒಂದೇ ಹೇಳುತ್ತಿದ್ದರೆ ತೊಂದರೆಯಿಲ್ಲ. ಕನ್ನಡದಲ್ಲಿ ‘ಕೋಂ’ ಇದ್ದು ಇಂಗ್ಲಿಷಿನಲ್ಲಿ ಗಂಡನ ಹೆಸರು ಕುಲನಾಮದಂತೆ ಅಂಟಿಕೊಂಡಿದ್ದರೆ ತೊಂದರೆ ಅಲ್ಲಿಂದಲೇ ಶುರು.

ಆ ದೃಢೀಕರಣದಲ್ಲಿ ಏನಿರಬೇಕೆಂದು ಜರ್ಮನ್ ಸಿವಿಲ್ ಪ್ರಕ್ರಿಯಾ ಸಂಹಿತೆಯ 142ನೇ ಪ್ರಕರಣ ಹೇಳುತ್ತದೆ: ಅನುವಾದ ಸರಿಯಾಗಿದೆ ಮತ್ತು ಪೂರ್ಣವಾಗಿದೆ ಎಂಬ ಮಾತು, ಸ್ಥಳ, ದಿನ, ಅನುವಾದಕನ ಅಧಿಕಾರದ ವಿವರ, ಸಹಿ. ಇಷ್ಟಿದ್ದರೆ ನ್ಯಾಯಾಲಯ ಅದನ್ನು ಸರಿಯೆಂದೇ ಎಣಿಸುತ್ತದೆ. ‘ಪೂರ್ಣ’ ಎಂಬ ಪದವನ್ನು ಗಮನಿಸಿ, ಷರಾ ಬಿಟ್ಟವನು ಅದನ್ನು ಬರೆಯುವಂತಿಲ್ಲ. ಅನುವಾದ ಮಾಡಿದ್ದು ಮೂಲ ಪತ್ರದಿಂದಲೋ, ಜೆರಾಕ್ಸಿನಿಂದಲೋ, ಮೊಬೈಲಿನಲ್ಲಿ ಬಂದ ಚಿತ್ರದಿಂದಲೋ ಎಂಬುದನ್ನೂ ಅಲ್ಲಿಯೇ ಬರೆಯಬೇಕು. ಮೂಲದ ಪ್ರತಿಯನ್ನು ಅನುವಾದದೊಂದಿಗೆ ಪಿನ್ ಹೊಡೆದು, ಮೂಲೆ ಮಡಚಿ, ಎಲ್ಲ ಹಾಳೆಗಳ ಮೇಲೂ ಬೀಳುವಂತೆ ಮೊಹರು ಒತ್ತುತ್ತೇವೆ, ಒಂದು ಹಾಳೆ ಬದಲಿಸಿದರೂ ಗೊತ್ತಾಗಲೆಂದು.

ಎರಡನೆಯದು ಅಪೋಸ್ಟಿಲ್, ಹೊರದೇಶದಲ್ಲಿ ಬಳಸಲೆಂದು ದಾಖಲೆಗೆ ಅಂಟಿಸುವ ಅಧಿಕೃತ ಚೀಟಿ. ಭಾರತಕ್ಕೆ ಹೇಗ್ ಅಪೋಸ್ಟಿಲ್ ಒಪ್ಪಂದ ಜಾರಿಯಾದದ್ದು 2005ರಲ್ಲಿ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿತು. ಆದ್ದರಿಂದ ದೆಹಲಿಯ ಆ ಚೀಟಿ ಅಂಟಿಸಿದ ಮಾತ್ರಕ್ಕೆ ಪತ್ರವನ್ನು ಅಸಲಿಯೆಂದು ಒಪ್ಪಬೇಕೆಂಬ ಕಟ್ಟುಪಾಡು ಜರ್ಮನ್ ಕಚೇರಿಗಿಲ್ಲ. ಅಂಟಿಸಿದ್ದರೆ ಮಾತ್ರ ಅದರಲ್ಲಿರುವುದನ್ನೂ, ಹಿಂಬದಿಯ ಮುದ್ರೆಗಳನ್ನೂ ನಾವು ಅನುವಾದಿಸಬೇಕು.

ಮೂರನೆಯದು ಪರಿಶೀಲನೆ. ಭಾರತದ ದಾಖಲೆಗಳಿಗೆ ಜರ್ಮನ್ ರಾಯಭಾರ ಕಚೇರಿಗಳು ಹಿಂದಿನಂತೆ ಮುದ್ರೆ ಹಾಕಿಕೊಡುವುದನ್ನು ನಿಲ್ಲಿಸಿವೆ. ಬದಲಿಗೆ ಶ್ಟಾಂಡೆಸಾಮ್ಟ್ ಕೇಳಿಕೊಂಡರೆ, ರಾಯಭಾರ ಕಚೇರಿ ತನ್ನ ನಂಬಿಕೆಯ ವಕೀಲರ ಮೂಲಕ ಪತ್ರ ಹುಟ್ಟಿದ ಊರಿನಲ್ಲೇ ವಿಚಾರಿಸುತ್ತದೆ. ತಿಂಗಳುಗಳೇ ಹಿಡಿಯುತ್ತವೆ. ಜ್ಯೋತಿಯ ಕಡತ ಈ ದಾರಿ ಹಿಡಿದರೆ, ಹೀಗಾಗುತ್ತದೆ: ಒಬ್ಬ ವಕೀಲರು ಅರಸೀಕೆರೆಗೆ ಬಸ್ ಹತ್ತುತ್ತಾರೆ. ಅವರ ಕೈಯಲ್ಲಿ ಜರ್ಮನಿಯಿಂದ ಬಂದ ಪ್ರಶ್ನೆ, ಅದಕ್ಕೆ ಆಧಾರ ನಮ್ಮ ಅನುವಾದ. ದಾಖಲೆ ಕೋಣೆಯ ಗುಮಾಸ್ತರು ಮೊದಲು ಕೇಳುವುದು ‘ಯಾವ ಹೋಬಳಿ?’ ಎಂದೇ, ಕಟ್ಟುಗಳನ್ನು ಕಟ್ಟಿಟ್ಟಿರುವುದೇ ಹಾಗೆ. ಬಾಣಾವರ ಎಂದು ನಾವು ಉಳಿಸಿದ್ದರೆ 1988ರ ಕಟ್ಟು ಕೆಳಗಿಳಿಯುತ್ತದೆ, 47ನೇ ನಮೂದು ತೆರೆಯುತ್ತದೆ. ಹೆಸರಿನ ಜಾಗ ಖಾಲಿ, ಅಂಚಿನಲ್ಲಿ ಓರೆಯಾಗಿ 1994ರ ಒಂದು ಸಾಲು. ಅನುವಾದದಲ್ಲೂ ಅಷ್ಟೇ ಇದೆ.